ಬಿಸ್ಕತ್ತಿನ ಡಬ್ಬಿಯಲ್ಲಿದ್ದ ಅಜ್ಜ

ಅಜ್ಜ ತೀರಿಕೊಂಡ ಏಳನೆಯ ದಿನ ಅವರ ಮಗ ಒಂದು ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿ, ಎರಡು ಆಲ್ಬಮ್ಮು, ಗಾಜು ಹಾಕಿಸಿದ ಒಂದು ದೊಡ್ಡ ಫೋಟೊ ತಂದು ನನ್ನ ಮೇಜಿನ ಮೇಲಿಟ್ಟರು. ಹದಿಮೂರನೆಯ ದಿನ ಸಮಾರಾಧನೆ. ಅದರ ಮರುದಿನ ಸೊಸೈಟಿಯ ಸಭಾಂಗಣದಲ್ಲಿ ನುಡಿನಮನ. "ಭಾಷಣ ಎಲ್ಲರೂ ಮಾಡ್ತಾರೆ, ಒಂದು ವಿಡಿಯೊ ಇರಲಿ ಅಂತ. ಫೋಟೊ ಜೋಡಿಸೋದಕ್ಕೆ ನಮ್ಮ ಹುಡುಗರಿದ್ದಾರೆ. ಹಿಂದಿನಿಂದ ಬರೋ ಮಾತು ನೀವು ಬರ್ಕೊಡಿ" ಅಂದರು.

ಅಜ್ಜನಿಗೆ 86 ವರ್ಷ. ಲಿಂಗನಮಕ್ಕಿಯ ನೀರು ಏರಿದಾಗ ಮನೆ, ಗದ್ದೆ, ತೋಟ ಬಿಟ್ಟು ಎದ್ದು ಬಂದ ಕುಟುಂಬ ಅವರದು. ಹೊಸ ಊರಿನಲ್ಲಿ ಕಾಡು ಕಡಿದು ಗದ್ದೆ ಮಾಡಿದವರಲ್ಲಿ ಒಬ್ಬರು, ಆಮೇಲೆ ಅಲ್ಲಿನ ಸಹಕಾರ ಸಂಘಕ್ಕೆ ಬಹುಕಾಲ ಕಾರ್ಯದರ್ಶಿ. ಊರಿನವರ ಬಾಯಲ್ಲಿ ಅವರು 'ಸೊಸೈಟಿ ಅಜ್ಜ'. ನಿಜವಾದ ಹೆಸರು ಶ್ರದ್ಧಾಂಜಲಿಯ ಬ್ಯಾನರ್ ನೋಡಿದ ಮೇಲೆಯೇ ಗೊತ್ತಾಯಿತು ಎಂದವರೂ ಇದ್ದಾರೆ.

ಇಂಥ ಕೆಲಸಕ್ಕೆ ಕೂತಾಗ ಮೊದಲು ಬರುವ ವಾಕ್ಯಗಳು ಯಾವುವೆಂದು ನನಗೆ ಗೊತ್ತು. ಸರಳ ಸಜ್ಜನಿಕೆಯ ಸಾಕಾರಮೂರ್ತಿ, ಕೊಡುಗೈ ದಾನಿ, ಅಜಾತಶತ್ರು, ತುಂಬಲಾರದ ನಷ್ಟ. ನಾನೂ ಬರೆದೆ. ಬರೆದು ಒಂದು ಸಣ್ಣ ಪರೀಕ್ಷೆ ಮಾಡಿದೆ: ಅಜ್ಜನ ಹೆಸರಿದ್ದ ಜಾಗದಲ್ಲಿ ಪಕ್ಕದ ಊರಿನ ಇನ್ನೊಬ್ಬ ಹಿರಿಯರ ಹೆಸರಿಟ್ಟು ಓದಿದೆ. ಒಂದಕ್ಷರವೂ ಬದಲಾಯಿಸಬೇಕಾಗಲಿಲ್ಲ. ಆ ಪುಟ ಹರಿದು ಹಾಕಿ ಡಬ್ಬಿಯ ಮುಚ್ಚಳ ತೆಗೆದೆ. ನಿರೂಪಣೆ ಶುರುವಾಗುವುದು ಅಲ್ಲಿಂದ, ಪೆನ್ನಿನಿಂದಲ್ಲ.

ಡಬ್ಬಿಯಲ್ಲೂ ಆಲ್ಬಮ್ಮುಗಳಲ್ಲೂ ಸೇರಿ ನೂರ ನಲವತ್ತರಷ್ಟು ಚಿತ್ರಗಳಿದ್ದವು. ಅವನ್ನು ನೆಲದ ಮೇಲೆ ಹರಡಿ ಕಾಲಕ್ಕೆ ತಕ್ಕಂತೆ ಸಾಲು ಮಾಡಿದರೆ ಅರ್ಧ ಕಥೆ ತಾನಾಗಿ ಕಾಣುತ್ತದೆ. ಕಾಲ ತಿಳಿಯುವುದು ಹೇಗೆ ಎಂಬುದೇ ಪ್ರಶ್ನೆ. ಮನೆಯವರನ್ನು ಕೇಳಿದರೆ "ಅಣ್ಣನ ಮದುವೆಗಿಂತ ಮುಂಚೆ", "ಆ ದೊಡ್ಡ ಮಳೆ ಬಂತಲ್ಲ, ಆ ವರ್ಷ" ಎನ್ನುತ್ತಾರೆ. ಅದೂ ಬೇಕು. ಆದರೆ ಫೋಟೊದ ಬೆನ್ನನ್ನೂ ಕೇಳಬೇಕು. ಹಳೆಯ ಸ್ಟುಡಿಯೊಗಳು ಹಿಂದೆ ಮೊಹರು ಒತ್ತುತ್ತಿದ್ದವು. ಅದರಲ್ಲಿ ವಿಳಾಸದ ಜೊತೆ ಮೈಸೂರು ರಾಜ್ಯ ಎಂದಿದ್ದರೆ ಆ ಮೊಹರು ತಯಾರಾದದ್ದು 1973ರ ನವೆಂಬರ್ 1ಕ್ಕೆ ಮುಂಚೆ. ಅಂದೇ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದದ್ದು. ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಅದಕ್ಕೆ ಮುಂಚೆ ಪಿನ್ ಕೋಡೇ ಇರಲಿಲ್ಲ. ಚಿತ್ರದ ಮೂಲೆಯಲ್ಲೊಂದು ಬಸ್ಸೋ ಜೀಪೋ ನಿಂತಿದ್ದರೆ ಅದರ ನಂಬರು ನೋಡಬೇಕು. ಎಂವೈ ಎಂದು ಶುರುವಾದರೆ ಮೈಸೂರು ರಾಜ್ಯದ ಕಾಲದ ನೋಂದಣಿ. ಮೊಹರು ಹಳೆಯದನ್ನೇ ಬಹಳ ದಿನ ಬಳಸಿರಬಹುದು, ಜೀಪು ಇಪ್ಪತ್ತು ವರ್ಷ ಓಡಿರಬಹುದು ಎಂಬ ಎಚ್ಚರವೂ ಜೊತೆಗಿರಲಿ.

ಈ ಎಚ್ಚರ ಸಾಲದೆ ನಾನು ಎಡವಿದ್ದನ್ನು ಹೇಳಬೇಕು. ಡಬ್ಬಿಯ ಅಡಿಯಲ್ಲಿ ಒಂದು ಕಪ್ಪುಬಿಳುಪು ಚಿತ್ರವಿತ್ತು. ಹುಲ್ಲಿನ ಮಾಡಿನ ದೊಡ್ಡ ಮನೆ, ಅಂಗಳದಲ್ಲಿ ಹನ್ನೊಂದು ಜನ, ಎಡತುದಿಯಲ್ಲಿ ಸಪೂರ ಹುಡುಗನೊಬ್ಬ. "ಅದು ಮುಳುಗಿದ ಮನೆ. ಅಪ್ಪನ ಹತ್ತಿರ ಅದರದ್ದು ಇದ್ದದ್ದು ಅದೊಂದೇ ಫೋಟೊ" ಎಂದರು ಹಿರಿಯ ಮಗಳು. ತಿರುಗಿಸಿ ನೋಡಿದೆ. ಸ್ಟುಡಿಯೊದ ಮೊಹರಿನಲ್ಲಿ ಪಿನ್ ಕೋಡ್! ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಎಂಟು ವರ್ಷ ನೀರಿನಡಿ ಇದ್ದ ಮನೆಯ ಫೋಟೊ ತೆಗೆಯುವುದು ಹೇಗೆ? ಅಕ್ಕನ ನೆನಪು ತಪ್ಪಿದೆ, ಇದು ಹೊಸ ಊರಿನ ಯಾವುದೋ ಮನೆ ಎಂದು ತೀರ್ಮಾನಿಸಿ ಚಿತ್ರವನ್ನು ಪಕ್ಕಕ್ಕಿಟ್ಟೆ. ಅವರ ಮುಖ ಸಣ್ಣದಾಯಿತು. ಏನೂ ಅನ್ನಲಿಲ್ಲ.

ರಾತ್ರಿ ಸ್ಕ್ಯಾನ್ ಮಾಡುವಾಗ ಆ ಚಿತ್ರದ ಮೂಲೆಯಲ್ಲಿ ಮಡಿಕೆ ಬಿದ್ದ ಗೆರೆ ಕಂಡಿತು. ಬೆರಳಾಡಿಸಿದರೆ ಕಾಗದ ನುಣ್ಣಗೆ. ಗೆರೆ ಕಣ್ಣಿಗಿದೆ, ಕೈಗಿಲ್ಲ. ಅಂದರೆ ಮಡಿಕೆ ಬಿದ್ದದ್ದು ಈ ಕಾಗದಕ್ಕಲ್ಲ, ಇದಕ್ಕಿಂತ ಮೊದಲಿದ್ದ ಇನ್ನೊಂದು ಕಾಗದಕ್ಕೆ. ಹಳೆಯ ಚಿತ್ರ ಹಾಳಾಗುತ್ತಿದೆಯೆಂದು ಯಾವಾಗಲೋ ಪೇಟೆಯ ಸ್ಟುಡಿಯೊಗೆ ಒಯ್ದು ಅದರದೇ ಫೋಟೊ ತೆಗೆಸಿದ್ದಾರೆ. ಮೊಹರು ಹೇಳಿದ್ದು ನಕಲಿನ ವಯಸ್ಸು. ಮುಖಗಳು ಸ್ವಲ್ಪ ಮಸುಕು, ಕಪ್ಪು ಜಾಗಗಳಲ್ಲಿ ವಿವರವೇ ಇಲ್ಲ. ನಕಲು ಚಿತ್ರದ ಗುರುತುಗಳು ಇವೇ, ನಾನು ಗಮನಿಸಿರಲಿಲ್ಲ ಅಷ್ಟೆ. ಬೆಳಿಗ್ಗೆ ಅಕ್ಕನಿಗೆ ಫೋನ್ ಮಾಡಿ "ನೀವು ಹೇಳಿದ್ದೇ ಸರಿ" ಎಂದೆ. "ನಂಗೆ ಗೊತ್ತಿತ್ತು" ಎಂದರು.

ಇಡೀ ವಿಡಿಯೊ ನಿಂತದ್ದು ಆ ಒಂದು ಚಿತ್ರದ ಮೇಲೆ.

ಸ್ಕ್ಯಾನ್ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆ ಕಾಲದ ಪೆಟ್ಟಿಗೆ ಕ್ಯಾಮೆರಾದ ಚೌಕ ಚಿತ್ರಗಳು ಅಂಗೈಗಿಂತ ಚಿಕ್ಕವು. ಮೂರಿಂಚಿನ ಚಿತ್ರವನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಸಿಗುವುದು 900 ಚುಕ್ಕಿ. ಮಾಮೂಲಿ ಪರದೆಯ ಎತ್ತರಕ್ಕೇ 1080 ಬೇಕು. ಅದರಲ್ಲೂ ಗುಂಪಿನಿಂದ ಒಂದು ಮುಖಕ್ಕೆ ಹತ್ತಿರ ಹೋಗಬೇಕೆಂದರೆ 1200ಕ್ಕೆ ಇಟ್ಟು ಸ್ಕ್ಯಾನ್ ಮಾಡಿಸುವುದು ಒಳ್ಳೆಯದು. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದು ಹಿಂಡಿ ಹಿಪ್ಪೆ ಮಾಡುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಬೇಕು. ಗಾಜಿಗೆ ಅಂಟಿಕೊಂಡ ಚಿತ್ರವನ್ನು ಮಾತ್ರ ಎಳೆಯಬೇಡಿ. ವರ್ಷಗಟ್ಟಲೆ ತೇವ ಕುಡಿದು ಚಿತ್ರದ ಮೇಲ್ಪದರ ಗಾಜಿಗೇ ಹತ್ತಿರುತ್ತದೆ, ಎಳೆದರೆ ಮುಖವೇ ಗಾಜಿನ ಮೇಲೆ ಉಳಿಯುತ್ತದೆ. ಅಜ್ಜನ ಮದುವೆಯ ಕಟ್ಟು ಫೋಟೊವನ್ನು ನಾವು ಗಾಜಿನ ಸಮೇತ ಕಿಟಕಿಯ ಪಕ್ಕ ನಿಲ್ಲಿಸಿ, ಕ್ಯಾಮೆರಾದ ಹಿಂದೆ ಕಪ್ಪು ಕಂಬಳಿ ಹಿಡಿದು, ಗಾಜಿನಲ್ಲಿ ನಮ್ಮ ಮುಖ ಬೀಳದ ಹಾಗೆ ತೆಗೆದೆವು.

ಮಾತಿನ ಲೆಕ್ಕಕ್ಕೆ ಬರೋಣ. ವಿಡಿಯೊ ಏಳು ನಿಮಿಷ ಎಂದು ನಿಗದಿ ಮಾಡಿದೆವು. ಬಿಸಿಲಲ್ಲಿ ಬಂದು ಕೂತ ವಯಸ್ಸಾದವರು ಅದಕ್ಕಿಂತ ಹೆಚ್ಚು ಹೊತ್ತು ಪರದೆ ನೋಡುವುದಿಲ್ಲ. ಏಳು ನಿಮಿಷಕ್ಕೆ ಎಷ್ಟು ಪದ? ಇಂಗ್ಲಿಷಿನವರು ನಿಮಿಷಕ್ಕೆ 130, 140 ಎಂದು ಹೇಳುವ ಲೆಕ್ಕ ಕನ್ನಡಕ್ಕೆ ಹೊಂದುವುದಿಲ್ಲ. ನಮ್ಮ ಪದ ಉದ್ದ. 'ಮುಳುಗಿಹೋಗಿತ್ತಂತೆ' ಎಂಬ ಒಂದು ಪದದೊಳಗೆ ಅವರದೊಂದು ವಾಕ್ಯವೇ ಇದೆ. ನಿಧಾನವಾಗಿ, ಉಸಿರು ತೆಗೆದುಕೊಂಡು ಓದಿದರೆ ನಿಮಿಷಕ್ಕೆ 80ರಿಂದ 90 ಪದ ಎಂಬುದು ಗಡಿಯಾರ ಇಟ್ಟು ನಾನು ಓದಿ ನೋಡಿದ ಲೆಕ್ಕ. ಏಳು ನಿಮಿಷದಲ್ಲಿ ಎರಡು ನಿಮಿಷ ಮೌನಕ್ಕೆ ಬಿಡಬೇಕು. ಉಳಿದ ಐದು ನಿಮಿಷಕ್ಕೆ ನಾನೂರು ಚಿಲ್ಲರೆ ಪದ. ನನ್ನ ಮೊದಲ ಕರಡು ಸಾವಿರದ ನೂರು ಪದ ಇತ್ತು!

ಕಡಿಯುವಾಗ ದಾರಿ ತೋರಿಸಿದ್ದು ಚಿತ್ರಗಳೇ. ಪುಟವನ್ನು ಉದ್ದಕ್ಕೆ ಎರಡು ಭಾಗ ಮಾಡಿ, ಎಡಕ್ಕೆ ಚಿತ್ರದ ಸಂಖ್ಯೆ, ಬಲಕ್ಕೆ ಅದರ ಮಾತು ಬರೆದೆ. ಆಗ ಒಂದು ಪೆದ್ದುತನ ಎದ್ದು ಕಂಡಿತು. ಎಡಗಡೆ: ಅಜ್ಜ ಮೈಕಿನ ಮುಂದೆ. ಬಲಗಡೆ: "ಇಲ್ಲಿ ಅಜ್ಜ ಸಂಘದ ವಾರ್ಷಿಕ ಸಭೆಯಲ್ಲಿ ಮಾತನಾಡುತ್ತಿದ್ದಾರೆ." ಅದು ಎಲ್ಲರಿಗೂ ಕಾಣುತ್ತದೆ, ನಾನೇಕೆ ಹೇಳಬೇಕು? ಮಗನನ್ನು ಕೇಳಿದೆ, ಆ ದಿನ ಏನಾಯಿತು ಅಂತ. ಅವರು ನಕ್ಕರು. "ಆ ವರ್ಷ ಲೆಕ್ಕದಲ್ಲಿ ಹನ್ನೊಂದು ರೂಪಾಯಿ ಕಮ್ಮಿ ಬಂದಿತ್ತು. ಅಪ್ಪ ಮೂರು ರಾತ್ರಿ ಲಾಟೀನು ಹಚ್ಚಿ ಕೂತಿದ್ದರು. ಕೊನೆಗೆ ಸಭೆಯಲ್ಲೇ ಹೇಳಿದರು, ಹನ್ನೊಂದು ರೂಪಾಯಿ ಎಲ್ಲಿ ಹೋಯ್ತು ನಂಗೆ ಗೊತ್ತಿಲ್ಲ, ನನ್ನ ಜೇಬಿಂದ ಹಾಕಿದ್ದೇನೆ ಅಂತ." ಆ ಚಿತ್ರದ ಮಾತು ಹೀಗಾಯಿತು:

"ಲೆಕ್ಕದಲ್ಲಿ ಹನ್ನೊಂದು ರೂಪಾಯಿ ತಾಳೆಯಾಗಲಿಲ್ಲ. ಮೂರು ರಾತ್ರಿ ಹುಡುಕಿದರು. ಸಿಗಲಿಲ್ಲ. ಅದನ್ನು ಹೇಳಲು ನಿಂತದ್ದು ಹೀಗೆ."

ಕೊಡುಗೈ, ಪ್ರಾಮಾಣಿಕತೆ, ಸಜ್ಜನಿಕೆ ಒಂದೂ ಇಲ್ಲ. ಚಿತ್ರದಲ್ಲಿ ಕಾಣುವುದನ್ನು ಚಿತ್ರಕ್ಕೆ ಬಿಟ್ಟು, ಅದರ ಆಚೆಗೆ ಇದ್ದುದನ್ನು ಮಾತ್ರ ದನಿಗೆ ಕೊಟ್ಟರೆ ಪದಗಳು ತಾವಾಗಿ ಇಳಿಯುತ್ತವೆ. ಸಾವಿರದ ನೂರು ನಾನೂರ ಮೂವತ್ತಕ್ಕೆ ಬಂತು.

ಹಳೆಯ ಚಿತ್ರಗಳ ಮೇಲೆ ದನಿ ಹರಿಸುವ ಈ ಕ್ರಮ ಹೊಸದೇನಲ್ಲ. 1957ರಲ್ಲಿ ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್ 'ಸಿಟಿ ಆಫ್ ಗೋಲ್ಡ್' ಎಂಬ ಸಣ್ಣ ಚಿತ್ರ ಮಾಡಿತು. ಚಿನ್ನದ ಬೇಟೆಗೆ ಜನ ಮುಗಿಬಿದ್ದಿದ್ದ ಡಾಸನ್ ಎಂಬ ಊರಿನ ಹಳೆಯ ಫೋಟೊಗಳ ಮೇಲೆ ಕ್ಯಾಮೆರಾ ಮೆಲ್ಲಗೆ ಸರಿಯುತ್ತದೆ. ಅದೇ ಊರಿನಲ್ಲಿ ಬೆಳೆದ ಪಿಯೆರ್ ಬರ್ಟನ್ ತನ್ನ ದನಿಯಲ್ಲಿ ಕಥೆ ಹೇಳುತ್ತಾರೆ. ಅಮೆರಿಕದ ಕೆನ್ ಬರ್ನ್ಸ್ ಅದನ್ನು ತನ್ನ ಸಾಕ್ಷ್ಯಚಿತ್ರಗಳಲ್ಲಿ ಎಷ್ಟು ಬಳಸಿದರೆಂದರೆ ಈಗ ಎಡಿಟಿಂಗ್ ತಂತ್ರಾಂಶದಲ್ಲಿ ಆ ಸರಿದಾಟಕ್ಕೆ ಅವರದೇ ಹೆಸರು. ನಮ್ಮ ಹುಡುಗರು ಗುಂಡಿ ಒತ್ತಿ ಎಲ್ಲ ಚಿತ್ರಕ್ಕೂ ಅದನ್ನು ಹಾಕಿದ್ದರು, ಎಲ್ಲವೂ ಒಳಗೆ ಒಳಗೆ ನುಗ್ಗುತ್ತಿದ್ದವು. ತಲೆ ತಿರುಗಿತು. ಮಾತು ಯಾರ ಬಗ್ಗೆ ಇದೆಯೋ ಅವರ ಕಡೆಗೆ ಮಾತ್ರ ಸರಿಯಲಿ, ಉಳಿದದ್ದು ನಿಂತಿರಲಿ ಎಂದೆ.

ಮೌನಕ್ಕೆ ಎರಡು ನಿಮಿಷ ಎಂದೆನಲ್ಲ, ಅದರ ಬಹುಪಾಲು ಹೋದದ್ದು ಗುಂಪು ಫೋಟೊಗಳಿಗೆ. ಪರದೆಯ ಮೇಲೆ ಗುಂಪು ಫೋಟೊ ಬಂದ ಕೂಡಲೇ ಸಭೆ ಅಜ್ಜನನ್ನು ಮರೆಯುತ್ತದೆ. ಎಲ್ಲರೂ ತಮ್ಮವರನ್ನು ಹುಡುಕತೊಡಗುತ್ತಾರೆ. "ಅಗೋ ನಮ್ಮಪ್ಪಯ್ಯ", "ಆ ಟೋಪಿ ಹಾಕಿದವರು ಯಾರೇ?" ಎಂಬ ಗುಸುಗುಸು. ಆ ಹೊತ್ತಿನಲ್ಲಿ ಹೇಳಿದ್ದು ಯಾರ ಕಿವಿಗೂ ಬೀಳುವುದಿಲ್ಲ. ಆದ್ದರಿಂದ ಒಂಟಿ ಚಿತ್ರಕ್ಕೆ ಏಳೆಂಟು ಸೆಕೆಂಡು ಸಾಕಾದರೆ ಗುಂಪಿಗೆ ಹದಿನೈದು ಕೊಟ್ಟು, ಮೊದಲ ಹತ್ತು ಸೆಕೆಂಡು ದನಿಯೇ ಇಲ್ಲದ ಹಾಗೆ ಮಾಡಿದೆವು.

ಗೌರವದ ವಿಷಯದಲ್ಲಿ ಕನ್ನಡವೇ ಒಡ್ಡುವ ಒಂದು ತೊಡಕು ಇದೆ. ದೊಡ್ಡವರನ್ನು ನಾವು ಬಹುವಚನದಲ್ಲಿ ಕರೆಯುತ್ತೇವೆ. ಸರಿ. ಆದರೆ ಅಂಗಳದ ಎಡತುದಿಯ ಆ ಸಪೂರ ಹುಡುಗ? 'ಓಡಿಬಂದು ನಿಂತ' ಎಂದರೆ ಮನೆಯವರಿಗೆ ಕಸಿವಿಸಿ, 'ಓಡಿಬಂದು ನಿಂತರು' ಎಂದರೆ ಕಿವಿಗೆ ಕಸಿವಿಸಿ. ಕ್ರಿಯಾಪದದ ಕೊನೆಯನ್ನೇ ತಪ್ಪಿಸಿ ಬರೆದೆ: "ಎಡತುದಿಯಲ್ಲಿ, ಕೈ ಕಟ್ಟಿಕೊಂಡು ನಿಂತಿರುವ ಹುಡುಗ. ಆಗ ಹದಿನಾಲ್ಕು ವರ್ಷ." ಮುಂದಿನ ಚಿತ್ರದಿಂದ 'ಅವರು'. ಸಾವಿನ ಮಾತಿಗೂ ಹೀಗೆಯೇ ಯೋಚಿಸಬೇಕು. ವೈಕುಂಠವಾಸಿ, ಕೈಲಾಸವಾಸಿ, ಲಿಂಗೈಕ್ಯ, ದೈವಾಧೀನ ಎಲ್ಲಕ್ಕೂ ಅದರದರ ಮನೆಗಳಿವೆ. ಸಭೆಯಲ್ಲಿ ಎಲ್ಲ ಮನೆಯವರೂ ಕೂತಿರುತ್ತಾರೆ. 'ತೀರಿಕೊಂಡರು' ಎನ್ನುವುದಕ್ಕೆ ಯಾರ ತಕರಾರೂ ಇರಲಿಲ್ಲ.

ಇಸವಿಗಳನ್ನು ಅಂಕಿಯಲ್ಲಿ ಬರೆದರೆ ಓದುವವರು ತಡವರಿಸುತ್ತಾರೆ. 'ಸಾವಿರದ ಒಂಬೈನೂರ ಅರವತ್ತನಾಲ್ಕರಲ್ಲಿ' ಎಂದು ಓದಿ ಮುಗಿಸುವಷ್ಟರಲ್ಲಿ ಚಿತ್ರ ಅರ್ಧ ಕಳೆದಿರುತ್ತದೆ. 'ಅರವತ್ತನಾಲ್ಕರಲ್ಲಿ' ಎಂದರೆ ಸಾಕು, ಯಾವ ಶತಮಾನ ಎಂದು ಯಾರೂ ಕೇಳುವುದಿಲ್ಲ. ಹುಟ್ಟಿದ ದಿನಾಂಕವನ್ನು ನಾನು ಹೇಳಲೇ ಇಲ್ಲ. ಶಾಲೆಯ ದಾಖಲೆಯಲ್ಲಿ ಜೂನ್ 1 ಎಂದಿತ್ತು. ಆ ಕಾಲದಲ್ಲಿ ಶಾಲೆಗೆ ಸೇರಿದವರಲ್ಲಿ ಎಷ್ಟು ಜನ ಜೂನ್ 1ಕ್ಕೆ ಹುಟ್ಟಿದ್ದಾರೆ ನೋಡಿ; ಮೇಷ್ಟ್ರು ಬರೆದದ್ದೇ ಜನ್ಮದಿನ.

ಇನ್ನೊಂದು ಸಂಗತಿ ಸಾಲು ಮಾಡಿದ ಚಿತ್ರಗಳ ಮುಂದೆ ಕೂತಾಗ ತಟ್ಟಿತು. ನೂರ ನಲವತ್ತು ಚಿತ್ರಗಳಲ್ಲಿ ಅಜ್ಜಿ ಇದ್ದದ್ದು ಮೂರರಲ್ಲಿ. ಮದುವೆಯದೊಂದು, ಮಗಳ ಧಾರೆಯದೊಂದು, ಮೂರನೆಯದರಲ್ಲಿ ಬಾಗಿಲ ಸಂದಿಯಲ್ಲಿ ಅರ್ಧ ಮುಖ. ಅಜ್ಜ ಗದ್ದೆಯಲ್ಲಿರುವ ಚಿತ್ರ ಒಂದೂ ಇಲ್ಲ. ಹಾರ, ಶಾಲು, ರಿಬ್ಬನ್ ಕತ್ತರಿ, ವೇದಿಕೆ ಇವೇ. ಕ್ಯಾಮೆರಾ ಬರುತ್ತಿದ್ದುದು ಸಮಾರಂಭಕ್ಕೆ, ಬದುಕಿಗಲ್ಲ. ಚಿತ್ರಗಳನ್ನೇ ನಂಬಿ ಬರೆದರೆ ಅಜ್ಜ ಜೀವಮಾನವಿಡೀ ಶಾಲು ಹೊದೆಸಿಕೊಂಡ ಹಾಗೆ ಕಾಣುತ್ತದೆ. ಶಾಲಿನ ಇಪ್ಪತ್ತು ಚಿತ್ರಗಳಲ್ಲಿ ಎರಡನ್ನು ಇಟ್ಟುಕೊಂಡೆ. ಬಾಗಿಲ ಸಂದಿಯ ಅರ್ಧ ಮುಖಕ್ಕೆ ಇಡೀ ಸ್ಕ್ರಿಪ್ಟಿನಲ್ಲಿ ಅತಿ ಉದ್ದದ ಮಾತು ಬರೆದೆ:

"ಸಂಘಕ್ಕೆ ಕಟ್ಟಡವಿಲ್ಲದ ಕಾಲದಲ್ಲಿ ಸಭೆ ಸೇರುತ್ತಿದ್ದುದು ಈ ಜಗಲಿಯಲ್ಲಿ. ಬಂದವರಿಗೆಲ್ಲ ಕಾಫಿ ಬರುತ್ತಿದ್ದುದು ಈ ಬಾಗಿಲಿನಿಂದ. ಎಷ್ಟು ಲೋಟ ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ."

ಮಗಳು ಈ ಸಾಲು ಓದಿ ಹಾಳೆಯನ್ನು ತಿರುವಿ ಹಾಕಿ ಒಳಗೆ ಹೋದರು. ಸ್ವಲ್ಪ ಹೊತ್ತಾದ ಮೇಲೆ ಬಂದು "ಕಾಫಿ ಅಲ್ಲ, ಬೆಲ್ಲದ ಕಷಾಯ" ಎಂದರು. ತಿದ್ದಿದೆ.

ಮನೆಯವರಿಗೆ ತೋರಿಸದೆ ಇಂಥ ಬರಹವನ್ನು ಮುಗಿಯಿತೆಂದು ತಿಳಿಯಬಾರದು. ಒಬ್ಬರಿಗಲ್ಲ, ಕನಿಷ್ಠ ಇಬ್ಬರಿಗೆ, ಅದೂ ಬೇರೆ ಬೇರೆಯಾಗಿ. ಒಂದು ಚಿತ್ರದಲ್ಲಿ ಬಲಗಡೆಯ ಕಾಲುಭಾಗವನ್ನು ಯಾರೋ ಕತ್ತರಿಸಿದ್ದರು. ಮಗ "ಗೆದ್ದಲು ತಿಂದಿತ್ತು" ಎಂದರು. ಗೆದ್ದಲು ನೇರ ಗೆರೆಯಲ್ಲಿ ತಿನ್ನುವುದಿಲ್ಲ. ಅಕ್ಕ ಬೇರೆಯಾಗಿ ಸಿಕ್ಕಾಗ "ಅದು ಹಿಸ್ಸೆಯಾದ ವರ್ಷ" ಎಂದಷ್ಟೇ ಹೇಳಿದರು. ಕತ್ತರಿ ಹಾಕಿಸಿಕೊಂಡವರ ಮಕ್ಕಳು ನುಡಿನಮನಕ್ಕೆ ಬರುವವರಿದ್ದರು. ಸುಳ್ಳು ಬರೆಯುವ ಹಾಗಿಲ್ಲ, ಆ ದಿನ ಸತ್ಯಕ್ಕೆ ಜಾಗವೂ ಇಲ್ಲ. ಆ ಚಿತ್ರವನ್ನೇ ಕೈಬಿಟ್ಟು, ಚಿಕ್ಕಪ್ಪನೂ ಇದ್ದ ಅಂಗಳದ ಹಳೆಯ ಚಿತ್ರದಲ್ಲಿ ಹನ್ನೊಂದು ಜನರ ಹೆಸರನ್ನೂ ಎಡದಿಂದ ಬಲಕ್ಕೆ ಓದಿಸಿದೆವು. ಆ ಒಂದು ಚಿತ್ರ ಮೂವತ್ತು ಸೆಕೆಂಡು ನಿಂತಿತು.

ಓದಿದ್ದು ಮೊಮ್ಮಗಳು. ಊರಿನಲ್ಲಿ ಕಾರ್ಯಕ್ರಮ ನಿರೂಪಿಸುವ ಗಂಭೀರ ದನಿಯವರೊಬ್ಬರು ಸಿದ್ಧರಿದ್ದರು, ಆದರೆ ಅವರ ಬಾಯಲ್ಲಿ ಹನ್ನೊಂದು ರೂಪಾಯಿ ಹನ್ನೊಂದು ಕೋಟಿಯಂತೆ ಕೇಳಿಸಿತು. ಹಾಸಿಗೆ ಜೋಡಿಸಿಟ್ಟ ಕೋಣೆಯಲ್ಲಿ, ಫ್ಯಾನು ಆರಿಸಿ, ಮೊಬೈಲನ್ನು ಬಾಯಿಂದ ಒಂದು ಗೇಣು ದೂರ ಇಟ್ಟು ಧ್ವನಿಮುದ್ರಣ ಮಾಡಿದೆವು. ಹತ್ತಿ ಹಾಸಿಗೆ ದನಿಯ ಗುಂಯ್‌ಗಾಟವನ್ನು ನುಂಗುತ್ತದೆ. ಮನೆಯ ಸಾಲಿನಲ್ಲಿ ಅವಳ ಗಂಟಲು ಕಟ್ಟಿತು. ಮೂರನೆಯ ಸಲ ಓದಿದ್ದನ್ನು ಇಟ್ಟುಕೊಂಡೆವು. ಅಷ್ಟರಲ್ಲಿ ಅಳು ಇಳಿದಿತ್ತು, ದನಿಯಲ್ಲಿ ಅದರ ಒದ್ದೆ ಮಾತ್ರ ಉಳಿದಿತ್ತು. ಅತ್ತು ಓದಿದ ಮೊದಲನೆಯದನ್ನು ಹಾಕೋಣ ಎಂದು ಹುಡುಗರು ಹೇಳಿದರು. ಬೇಡವೆಂದೆ. ಓದುವವರೇ ಅತ್ತುಬಿಟ್ಟರೆ ಕೂತವರಿಗೆ ಕೆಲಸವಿರುವುದಿಲ್ಲ.

ಕೊನೆಯ ಚಿತ್ರ ಯಾವುದಿರಬೇಕೆಂಬುದಕ್ಕೆ ಚರ್ಚೆಯಾಯಿತು. ಹೂವಿನ ಹಾರ ಹಾಕಿದ ಫೋಟೊ, ಕೆಳಗೆ ದೀಪ, 'ಮತ್ತೆ ಹುಟ್ಟಿ ಬನ್ನಿ' ಎಂಬ ಅಕ್ಷರ ಎಂದು ಹುಡುಗರ ಆಸೆ. ನನ್ನ ಕಣ್ಣು ಬಿದ್ದದ್ದು ಒಂದು ಮೊಬೈಲ್ ಚಿತ್ರದ ಮೇಲೆ. ಬೇಸಗೆಯಲ್ಲಿ ಶರಾವತಿಯ ಹಿನ್ನೀರು ಇಳಿದಾಗ ಮುಳುಗಿದ ಜಾಗಗಳು ಮೇಲೇಳುತ್ತವೆ. ಅದಕ್ಕಿಂತ ಹಳೆಯ ಮಡೆನೂರು ಅಣೆಕಟ್ಟೂ ನೀರು ತಗ್ಗಿದ ವರ್ಷ ಕಾಣಿಸುತ್ತದೆ. ಅಂಥದೊಂದು ಬೇಸಗೆಯಲ್ಲಿ ಮೊಮ್ಮಕ್ಕಳು ಅಜ್ಜನನ್ನು ಅಲ್ಲಿಗೆ ಕರೆದೊಯ್ದಿದ್ದರು. ಬಿರುಕು ಬಿಟ್ಟ ಕೆಸರಿನ ಬಯಲು, ಬೋಳು ಮರದ ಬೊಡ್ಡೆಗಳು. ಅಜ್ಜ ಬೆನ್ನು ತಿರುಗಿಸಿ ನಿಂತು, ಕೋಲೆತ್ತಿ ದೂರಕ್ಕೆ ತೋರಿಸುತ್ತಿದ್ದಾರೆ. ಆ ದಿನ ಅವರು ಏನೆಂದರೆಂದು ಮೊಮ್ಮಗಳಿಗೆ ನೆನಪಿತ್ತು. ಅದನ್ನೇ ಬರೆದೆ, ಸೇರಿಸಲಿಲ್ಲ:

"ಅಗಾ, ಅಲ್ಲಿ ಬಾವಿ. ಅದರ ಪಕ್ಕ ಮನೆ."

ಆಮೇಲೆ ದನಿ ಇಲ್ಲ. ಚಿತ್ರ ಹನ್ನೆರಡು ಸೆಕೆಂಡು ನಿಂತು ಕಪ್ಪಾಗುತ್ತದೆ.

ನುಡಿನಮನದ ದಿನ ಆ ಹನ್ನೆರಡು ಸೆಕೆಂಡಿನಲ್ಲಿ ಸಭಾಂಗಣ ನಿಶ್ಶಬ್ದವಾಗಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ, ಅಜ್ಜನ ಜೊತೆ ಅದೇ ಮುಳುಗಿದ ಊರಿನಿಂದ ಬಂದ ಇನ್ನೊಬ್ಬ ಮುದುಕರು ಗಟ್ಟಿಯಾಗಿ ಹೇಳಿದರು: "ಬಾವಿ ಅಲ್ಲ ಮಾರಾಯ್ರೆ, ಅದು ಕಣ. ಬಾವಿ ಈಚೆಗೆ." ಎಲ್ಲರೂ ಆ ಕಡೆ ತಿರುಗಿದರು. ಸಂಜೆ ಮಗ ಫೋನ್ ಮಾಡಿ, ಪೆನ್‌ಡ್ರೈವಿಗೆ ಹಾಕಿ ಹಂಚುವ ಮುಂಚೆ ತಿದ್ದಬೇಕೇ ಎಂದು ಕೇಳಿದರು. ಅದು ಅಪ್ಪಯ್ಯನದೇ ಮಾತು, ಹಾಗೇ ಇರಲಿ ಎಂದೆ. ಆದರೆ ಆ ಮುದುಕರನ್ನು ನಾಳೆ ಬೆಳಿಗ್ಗೆ ಮನೆಗೆ ಕರೆಸಿ, ಡಬ್ಬಿಯನ್ನು ಅವರ ಮುಂದೆ ಸುರಿಯಿರಿ ಎಂದೂ ಹೇಳಿದೆ.